ಮಗುವಿನ ಅಂಗಿಗೆ ವಯಸ್ಸಿನ ಲೆಕ್ಕ ಸಾಲದು

ಮಕ್ಕಳ ಬಟ್ಟೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವರ್ಷ?’ ಐದು ಅಂದರೆ ಅಂಗಡಿಯವರು ಐದು-ಆರರ ಚೀಟಿ ಇರುವ ಫ್ರಾಕು ತೆಗೆಯುತ್ತಾರೆ. ಜೊತೆಗೆ ಬಂದ ಅಜ್ಜಿ, ‘ಬೆಳೆಯೋ ಮಗು, ಇನ್ನೊಂದು ಸೈಜು ದೊಡ್ಡದೇ ಇರಲಿ’ ಅನ್ನುತ್ತಾರೆ. ಅಜ್ಜಿಯ ಮಾತಿನಲ್ಲಿ ತಪ್ಪಿಲ್ಲ. ಆದರೆ ಚೀಟಿಯ ಮೇಲಿನ ವಯಸ್ಸೇ ಒಂದು ಅಂದಾಜು. ಅದರ ಮೇಲೆ ಇನ್ನೊಂದು ಅಂದಾಜು ಹೇರಿದರೆ ಮಗುವಿಗೆ ಸಿಗುವುದು ಯಾರ ಅಳತೆಗೂ ಹೊಂದದ ಬಟ್ಟೆ.

ವಯಸ್ಸಿನ ಲೆಕ್ಕ ಎಷ್ಟು ಸಡಿಲ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯನ್ನೇ ನೋಡಬಹುದು. ಅದಕ್ಕಾಗಿ ಮಕ್ಕಳನ್ನು ಅಳೆದ ಆರು ದೇಶಗಳಲ್ಲಿ ಭಾರತವೂ ಒಂದು. ಆ ಪಟ್ಟಿಯಂತೆ ಐದು ತುಂಬಿದ ಹುಡುಗಿಯ ನಡುಮಟ್ಟದ ಎತ್ತರ ಸುಮಾರು 109 ಸೆಂಟಿಮೀಟರ್. ಆದರೆ 100 ಇದ್ದರೂ 119 ಇದ್ದರೂ ಅದು ಆರೋಗ್ಯವಂತ ಮಕ್ಕಳಲ್ಲಿ ಕಾಣುವ ಎತ್ತರವೇ. ಯುರೋಪಿನಲ್ಲಿ ಮಕ್ಕಳ ಬಟ್ಟೆಗೆ ಎತ್ತರವನ್ನೇ ಸೈಜಾಗಿ ಬರೆಯುವ ರೂಢಿಯಿದೆ: 98, 104, 110, 116, 122, ಹೀಗೆ ಆರಾರು ಸೆಂಟಿಮೀಟರಿನ ಮೆಟ್ಟಿಲು. ಅಂದರೆ ಒಂದೇ ತಿಂಗಳಲ್ಲಿ ಹುಟ್ಟಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗಿಯರ ನಡುವೆ ಮೂರು ಸೈಜಿನ ಅಂತರ ಇರಬಹುದು. ಚೀಟಿ ಮಾತ್ರ ಇಬ್ಬರಿಗೂ ಒಂದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಡುಗಿಗೆ ಐದು ವರ್ಷ, ಎತ್ತರ 103 ಸೆಂಟಿಮೀಟರ್. ಐದು-ಆರರ ಚೀಟಿಯ ಬಟ್ಟೆಯನ್ನು ಸಾಮಾನ್ಯವಾಗಿ 110ರಿಂದ 116 ಸೆಂಟಿಮೀಟರಿನ ಮಗುವನ್ನು ಮನಸ್ಸಿನಲ್ಲಿಟ್ಟು ಕತ್ತರಿಸಿರುತ್ತಾರೆ. ಅಜ್ಜಿಯ ಮಾತಿನಂತೆ ಆರು-ಏಳರದ್ದು ಕೊಂಡರೆ ಅದು 116ರಿಂದ 122ರ ಬಟ್ಟೆ. ನಾಲ್ಕರಿಂದ ಹತ್ತು ವರ್ಷದವರೆಗೆ ಹೆಚ್ಚಿನ ಮಕ್ಕಳು ವರ್ಷಕ್ಕೆ ಆರು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತಾರೆ. ಈ ಹುಡುಗಿ 116 ಮುಟ್ಟಲು ಎರಡು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ದಿನಬಳಕೆಯ ಫ್ರಾಕಿನ ಬಣ್ಣ ಹೋಗಿರುತ್ತದೆ. ಸರಿಯಾಗಿ ಹೊಂದುವ ಹೊತ್ತಿಗೆ ಅದು ನೆಲ ಒರೆಸುವ ಬಟ್ಟೆ. ಅವಳಿಗೆ ಬೇಕಾದದ್ದು 110ರವರೆಗಿನ ಬಟ್ಟೆ, ಅಂದರೆ ‘ನಾಲ್ಕು-ಐದು’ ಚೀಟಿಯದು. ಒಂದು ವರ್ಷದ ಬೆಳವಣಿಗೆಗೆ ಅದರಲ್ಲೇ ಜಾಗವಿದೆ. ಐದು ವರ್ಷದ ಮಗುವಿಗೆ ನಾಲ್ಕರ ಬಟ್ಟೆ ಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ, ಮಗುವನ್ನೇ ಕಡಿಮೆ ಎಂದಂತೆ ಅನ್ನಿಸುತ್ತದೆ. ಚೀಟಿಗೆ ಇಷ್ಟು ಮರ್ಯಾದೆ ಕೊಡಬೇಕಾಗಿಲ್ಲ.

ಎತ್ತರ ತಿಳಿಯಲು ಗೋಡೆ, ಪೆನ್ಸಿಲು, ಟೇಪು ಸಾಕು. ಮಗು ಬರಿಗಾಲಲ್ಲಿ ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಬೇಕು, ನೋಟ ನೇರ ಮುಂದಕ್ಕೆ. ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ನೆತ್ತಿಯ ಮೇಲೆ ಮಟ್ಟಸವಾಗಿಟ್ಟು, ಅದರ ಕೆಳಗೆ ಗೆರೆ ಎಳೆಯಬೇಕು. ಆರು ತಿಂಗಳು ಬಿಟ್ಟು ಇನ್ನೊಂದು ಗೆರೆ ಬಿದ್ದರೆ ನಿಮ್ಮ ಮಗುವಿನದೇ ಬೆಳವಣಿಗೆಯ ವೇಗ ಕೈಗೆ ಸಿಗುತ್ತದೆ. ಪಟ್ಟಿಗಿಂತ ಅದೇ ನಂಬಿಕಸ್ತ.

ಬೆಳವಣಿಗೆಗೆ ಎಷ್ಟು ಬಿಡಬೇಕು ಎಂಬುದಕ್ಕಿಂತ ಎಲ್ಲಿ ಬಿಡಬೇಕು ಎಂಬುದೇ ಮುಖ್ಯ, ಮತ್ತು ರೆಡಿಮೇಡು ಎಡವುವುದು ಇಲ್ಲಿಯೇ. ಮಗು ಎಲ್ಲ ಕಡೆ ಸಮನಾಗಿ ಬೆಳೆಯುವುದಿಲ್ಲ. ಈ ವಯಸ್ಸಿನಲ್ಲಿ ಕಾಲು ಬೇಗ ಉದ್ದವಾಗುತ್ತದೆ. ಒಂದು ಸೈಜಿನಿಂದ ಮುಂದಿನದಕ್ಕೆ ಎದೆಯ ಸುತ್ತಳತೆ ಹೆಚ್ಚುವುದು ಎರಡು ಸೆಂಟಿಮೀಟರಿನಷ್ಟು, ಸೊಂಟ ಒಂದರಷ್ಟು. ಅದಕ್ಕೇ ಶರ್ಟು ಇನ್ನೂ ಸರಿಯಾಗಿರುವಾಗ ಪ್ಯಾಂಟು ಮೇಲೇರಿ ಕಾಲ್ಗಂಟು ಕಾಣುತ್ತದೆ. ಹಾಗಾಗಿ ಪ್ಯಾಂಟನ್ನು ಒಂದು ಸೈಜು ದೊಡ್ಡದು ಕೊಂಡು ಕೆಳಗೆ ಒಳಕ್ಕೆ ಮಡಿಸಿ ಹೊಲಿಸಿ, ಸೊಂಟವನ್ನು ಎಲಾಸ್ಟಿಕ್ಕಿಗೆ ಬಿಟ್ಟರೆ ಏನೂ ಕೆಡುವುದಿಲ್ಲ. ಮಡಿಸದೆ ಬಿಟ್ಟರೆ ಮಾತ್ರ ಮೆಟ್ಟಿಲು ಇಳಿಯುವಾಗ ಮಗು ಅದನ್ನೇ ತುಳಿದು ಬೀಳುತ್ತದೆ.

ಶರ್ಟು, ಫ್ರಾಕಿನ ಕತೆ ಬೇರೆ. ದೊಡ್ಡ ಸೈಜು ತಂದರೆ ಉದ್ದದ ಜೊತೆ ಭುಜವೂ ಕೊರಳೂ ದೊಡ್ಡದಾಗಿ ಬರುತ್ತವೆ. ಭುಜದ ಹೊಲಿಗೆ ತೋಳಿನ ಮೇಲೆ ಇಳಿಯುತ್ತದೆ, ಕೊರಳು ಒಂದು ಪಕ್ಕಕ್ಕೆ ಜಾರುತ್ತದೆ, ಮಗು ಆಡುವಾಗಲೆಲ್ಲ ಅದನ್ನೇ ಎಳೆದುಕೊಳ್ಳುತ್ತಿರುತ್ತದೆ. ತೋಳನ್ನು ಮಡಿಸಬಹುದು, ಅಂಚನ್ನು ಮಡಿಸಬಹುದು. ಭುಜವನ್ನು ಸರಿಪಡಿಸಬೇಕಾದರೆ ಅಂಗಿಯನ್ನೇ ಬಿಚ್ಚಿ ಹೊಲಿಯಬೇಕು. ಕೊಳ್ಳುವ ಮುನ್ನ ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಬರುತ್ತದೆಯೇ ಎಂದಷ್ಟೇ ನೋಡಿ. ಒಂದು ಬೆರಳಿನಷ್ಟು ಆಚೆ ಹೋದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಆ ಸೈಜು ಬೇಡ.

ನಮ್ಮ ಟೈಲರುಗಳು ಇದನ್ನು ಚೆನ್ನಾಗಿ ಬಲ್ಲವರು. ಹಬ್ಬಕ್ಕೆ ಹೊಲಿಯುವ ಉದ್ದಲಂಗವನ್ನು ನೋಡಿ, ಉತ್ತರ ಕರ್ನಾಟಕದವರಾದರೆ ಪರಕಾರವನ್ನು. ಜರಿ ಅಂಚಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದೋ ಎರಡೋ ಮಡಿಕೆ ಹಿಡಿದು ಹೊಲಿದಿರುತ್ತಾರೆ. ಒಂದು ಇಂಚಿನ ಮಡಿಕೆ ಎರಡು ಇಂಚು ಬಟ್ಟೆ ನುಂಗುತ್ತದೆ. ಬಿಚ್ಚಿದರೆ ಐದು ಸೆಂಟಿಮೀಟರ್ ಉದ್ದ ಸಿಗುತ್ತದೆ. ಎರಡು ಮಡಿಕೆ ಇದ್ದರೆ ಲಂಗ ಇನ್ನೂ ಎರಡು ಯುಗಾದಿ ಕಾಣಬಹುದು. ರವಿಕೆಯ ಪಕ್ಕದ ಹೊಲಿಗೆಯ ಒಳಗೂ ಬಟ್ಟೆ ಬಿಟ್ಟಿರುತ್ತಾರೆ. ಭುಜ ಮಾತ್ರ ಇಂದಿನ ಮಗುವಿನದು. ಸಿದ್ಧ ಉಡುಪಿನ ಇಡೀ ವಯಸ್ಸಿನ ಪಟ್ಟಿಗಿಂತ ಈ ಎರಡು ಮಡಿಕೆಗಳಲ್ಲಿ ಹೆಚ್ಚು ವಿವೇಕವಿದೆ ಎಂಬುದು ನನ್ನ ಅಭಿಪ್ರಾಯ. ಕೊರತೆಯೂ ಇಲ್ಲದಿಲ್ಲ. ಬಣ್ಣ ಮಾಸುವ ಹತ್ತಿಬಟ್ಟೆಯಲ್ಲಿ ಮಡಿಕೆ ಬಿಚ್ಚಿದಾಗ ಹೊಸ ಬಣ್ಣದ ಪಟ್ಟೆ ಎದ್ದು ಕಾಣುತ್ತದೆ. ವರ್ಷಕ್ಕೆ ನಾಲ್ಕೇ ಸಲ ಉಡುವ ರೇಷ್ಮೆಗೆ ಒಪ್ಪುವ ಉಪಾಯ ದಿನವೂ ಒಗೆಯುವ ಯೂನಿಫಾರ್ಮಿಗೆ ಅಷ್ಟು ಒಪ್ಪುವುದಿಲ್ಲ. ಅಲ್ಲಿ ಮಡಿಕೆಯನ್ನು ಕಾಣದಂತೆ ಒಳ ಅಂಚಿನಲ್ಲೇ ಇಡಬೇಕು, ಹತ್ತಿಬಟ್ಟೆಯಾದರೆ ಹೊಲಿಸುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸಬೇಕು. ಇಲ್ಲದಿದ್ದರೆ ಬೆಳವಣಿಗೆಗೆಂದು ಬಿಟ್ಟ ಜಾಗದಲ್ಲಿ ಒಂದಿಷ್ಟನ್ನು ಮೊದಲ ಒಗೆತವೇ ತಿಂದುಹಾಕುತ್ತದೆ.

ಎತ್ತರದ ಲೆಕ್ಕವೂ ಎಲ್ಲ ಕಡೆ ನಡೆಯುವುದಿಲ್ಲ. ಮೈತುಂಬಿದ ಮಗುವಿಗೆ ಎದೆಯ ಸುತ್ತಳತೆಯನ್ನು ಮುಂದಿಟ್ಟು ಕೊಂಡು, ಉದ್ದವನ್ನು ಕತ್ತರಿಸಬೇಕಾಗುತ್ತದೆ. ಹತ್ತು-ಹನ್ನೊಂದು ದಾಟಿದ ಹುಡುಗಿಯರು, ಅವರಿಗಿಂತ ಸ್ವಲ್ಪ ತಡವಾಗಿ ಹುಡುಗರು, ಒಮ್ಮೆಲೇ ಚಿಮ್ಮುತ್ತಾರೆ; ಆಗ ಭುಜ, ಎದೆ, ಸೊಂಟ ಎಲ್ಲದರ ಪ್ರಮಾಣವೂ ಬದಲಾಗುತ್ತದೆ. ಮೊದಲ ವರ್ಷದ ಕೂಸು ಇಪ್ಪತ್ತೈದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ನಾಮಕರಣಕ್ಕೆ ತರುವ ಉಡುಗೊರೆಯಲ್ಲಿ ಆರು ತಿಂಗಳ ಮುಂದಿನ ಸೈಜೇ ಜಾಣತನ. ಆದರೆ ಆ ಸೈಜು ಹೊಂದುವಾಗ ಯಾವ ಕಾಲ ಇರುತ್ತದೆ ಎಂದೂ ಎಣಿಸಿ, ಏಪ್ರಿಲ್ ಬಿಸಿಲಿಗೆ ಹೊಂದುವ ಉಣ್ಣೆ ಸ್ವೆಟರು ಯಾರಿಗೂ ಬೇಡ.

ಭಾರತೀಯರ ದೇಹದ ಅಳತೆಯ ಪಟ್ಟಿ ರೂಪಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೊಂಡ ‘ಇಂಡಿಯಾ ಸೈಜ್’ ಸಮೀಕ್ಷೆ ಹದಿನೈದರಿಂದ ಅರವತ್ತೈದು ವಯಸ್ಸಿನವರನ್ನು ಅಳೆಯಲು ಹೊರಟದ್ದು. ಬಟ್ಟೆ ಬೇಗ ಬದಲಾಗಬೇಕಾದ ಚಿಕ್ಕ ಮಕ್ಕಳೇ ಅದರ ಹೊರಗಿದ್ದಾರೆ. ಅವರ ಅಳತೆ ಬರುವವರೆಗೂ ತಯಾರಕರು ಕಾಯಬೇಕಾಗಿಲ್ಲ. ವಯಸ್ಸಿನ ಪಕ್ಕದಲ್ಲೇ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಚ್ಚು ಹಾಕಲಿ. ಯೂನಿಫಾರ್ಮು ಮಾರುವವರು ಪ್ಯಾಂಟು, ಸ್ಕರ್ಟಿನ ಅಂಚಿನೊಳಗೆ ಎರಡು ಇಂಚು ಬಟ್ಟೆ ಬಿಡಲಿ. ಅದಕ್ಕೆ ತಗಲುವ ನಾಲ್ಕು ಕಾಸನ್ನು ಬೆಲೆಗೆ ಸೇರಿಸಿದರೂ ತಂದೆತಾಯಂದಿರು ಜಗಳ ಆಡಲಾರರು.