ತೋರಿಸಿದ್ದನ್ನೇ ಮಾಡುವುದು

ಟೆಲ್-ಶೋ-ಡೂ ಕ್ರಮವನ್ನು 1959ರಲ್ಲಿ ಅಡಲ್‌ಸ್ಟನ್ ಮುಂದಿಟ್ಟರು: ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು. ದಂತವೈದ್ಯ ವಿದ್ಯಾರ್ಥಿಗಳು ಹೇಳುವುದನ್ನೂ ತೋರಿಸುವುದನ್ನೂ ಬೇಗ ಕಲಿಯುತ್ತಾರೆ, ಎಡವುವುದು ಮಾಡುವಾಗ. ಹೇಳಿ ತೋರಿಸಿದ್ದನ್ನು ಬಿಟ್ಟು ಬೇರೇನೂ ಬಾಯಿಯೊಳಗೆ ನಡೆಯಬಾರದು. ಈ ಕರಾರು ಮುರಿದರೆ ಮೊದಲಿನ ಎರಡು ಹೆಜ್ಜೆಗಳಿಗೂ ಬೆಲೆಯಿಲ್ಲ.

ಐದು ವರ್ಷದ ಹುಡುಗಿಯೊಬ್ಬಳಿಗೆ ಕೆಳದವಡೆಯ ಹಾಲುಹಲ್ಲಿನ ಹುಳುಕು ತೆಗೆದು ತುಂಬಬೇಕಾಗಿದೆ ಎಂದುಕೊಳ್ಳಿ. ವಿದ್ಯಾರ್ಥಿ ನಿಧಾನವಾಗಿ ತಿರುಗುವ ಹ್ಯಾಂಡ್‌ಪೀಸನ್ನು ಅವಳ ಉಗುರಿಗೆ ತಾಕಿಸಿ, 'ಹೀಗೆ ಕಚಗುಳಿ ಇಟ್ಟ ಹಾಗಿರುತ್ತೆ ಪುಟ್ಟಿ, ಐದು ಎಣಿಸೋಷ್ಟರಲ್ಲಿ ನಿಲ್ಲಿಸ್ತೀನಿ' ಎನ್ನುತ್ತಾನೆ. ಮಗು ಒಪ್ಪಿ ಬಾಯಿ ತೆರೆಯುತ್ತದೆ. ಆದರೆ ಅವನು ಬಾಯಿಗೆ ಇಡುವುದು ಏರೋಟರ್. ಅದರ ಕಿರುಗುಟ್ಟುವ ಸದ್ದನ್ನು ಅವಳು ಕೇಳಿಲ್ಲ, ಚಿಮ್ಮುವ ತಣ್ಣೀರು ಬೆರಳಿಗೂ ಸೋಕಿಲ್ಲ. ಎಣಿಕೆ ಐದು ದಾಟಿದರೂ ಬರ್ ನಿಲ್ಲುವುದಿಲ್ಲ. ಅವಳು ತಲೆ ಕೊಡವಿ ಅಳತೊಡಗುತ್ತಾಳೆ. ವಿದ್ಯಾರ್ಥಿ ಗದರುತ್ತಾನೆ, ಕೇಸ್ ಶೀಟಿನಲ್ಲಿ ಅದು 'ವಾಯ್ಸ್ ಕಂಟ್ರೋಲ್' ಎಂದು ದಾಖಲಾಗುತ್ತದೆ.

ಇದನ್ನು ನಾನು ವಾಯ್ಸ್ ಕಂಟ್ರೋಲ್ ಎಂದು ಒಪ್ಪುವುದಿಲ್ಲ. ದನಿಯ ಏರಿಳಿತ, ಬಿಗಿ, ವೇಗ ಇವನ್ನು ಬೇಕೆಂದೇ ಬದಲಿಸಿ ಮಗುವಿನ ಗಮನ ಸೆಳೆಯುವ ವಿಧಾನ ಅದು. ದನಿ ತಗ್ಗಿಸುವುದೂ ಅದರಲ್ಲಿ ಸೇರಿದೆ. 'ಕೈ ಕೆಳಗೆ ಇಡು' ಎಂದು ಬಿಗಿಯಾಗಿ ಹೇಳಿ, ಮಗು ಕೈ ಇಳಿಸಿದ ಕ್ಷಣವೇ ಮೆದುದನಿಗೆ ಮರಳಿ ಮೆಚ್ಚಬೇಕು. ಹಾಗೆ ಮರಳಲಾಗದಿದ್ದರೆ ಬಂದದ್ದು ಸಿಟ್ಟು. ಮಾಸ್ಕ್ ಮುಖವನ್ನು ಮುಚ್ಚಿರುವುದರಿಂದ ಮಗುವಿಗೆ ಕಣ್ಣು ಮತ್ತು ದನಿಯಷ್ಟೇ ಸಿಗುತ್ತವೆ ಎಂಬುದನ್ನೂ ನೆನಪಿಡಬೇಕು. ತಂದೆತಾಯಿಗೆ ಮೊದಲೇ ತಿಳಿಸಿರದಿದ್ದರೆ ಅವರ ಕಿವಿಗೆ ಇದು ಬೈಗುಳವೇ.

ದನಿ ಏರಿಸುವ ಮೊದಲು ಅಳುವನ್ನು ಓದಬೇಕು. ಎಲ್ಸ್‌ಬಾಕ್ ಅಳುವಿನ ನಾಲ್ಕು ಬಗೆಗಳನ್ನು ಗುರುತಿಸಿದ್ದರು: ಹಟದ್ದು, ಭಯದ್ದು, ನೋವಿನದ್ದು, ಯಂತ್ರದ ಸದ್ದನ್ನು ಮುಚ್ಚಲು ಮಗು ಹೊರಡಿಸುವ ಒಂದೇ ಸಮನೆಯ ರಾಗ. ಕೊನೆಯದರಲ್ಲಿ ಕಣ್ಣೀರಿಲ್ಲ, ಯಂತ್ರ ನಿಂತರೆ ರಾಗವೂ ನಿಲ್ಲುತ್ತದೆ. ಅದನ್ನು ತಡೆಯಬೇಕಾಗಿಯೇ ಇಲ್ಲ. ನೋವಿನ ಅಳುವಿಗೆ ಸದ್ದೇ ಇರದಿರಬಹುದು. ಕಣ್ಣಂಚಿನಲ್ಲಿ ನೀರು, ಬಿಗಿಹಿಡಿದ ಉಸಿರು, ಅಷ್ಟೆ. ಅಲ್ಲಿ ಬೇಕಾದದ್ದು ಅರಿವಳಿಕೆ ಹಿಡಿದಿದೆಯೇ ಎಂಬ ಪರೀಕ್ಷೆ. ಬಿಗಿದನಿಗೆ ನ್ಯಾಯವಾದ ಜಾಗ ಹಟದ ಅಳುವೊಂದೇ ಎಂಬುದು ನನ್ನ ನಿಲುವು.

ಟೆಲ್-ಶೋ-ಡೂಗೂ ಎಲ್ಲೆಯಿದೆ. ಸೂಜಿಯನ್ನು ಯಾರೂ ಉಗುರಿನ ಮೇಲೆ ತೋರಿಸಲಾರರು. ಅಲ್ಲಿ ಒಸಡಿನ ಮೇಲೆ ಮರಗಟ್ಟಿಸುವ ಜೆಲ್ ಹಚ್ಚಿ, ಒಂದೆರಡು ನಿಮಿಷ ನಿಜಕ್ಕೂ ಕಾದು, 'ಸ್ವಲ್ಪ ಚಿವುಟಿದ ಹಾಗಾಗುತ್ತೆ' ಎಂದೇ ಹೇಳಬೇಕು. 'ಏನೂ ಆಗಲ್ಲ' ಎಂಬ ಮಾತು ಚುಚ್ಚಿದ ಕೂಡಲೇ ಸುಳ್ಳಾಗುತ್ತದೆ. ಮೂರು ವರ್ಷದೊಳಗಿನ ಮಗುವಿಗಂತೂ ವಿವರಣೆಯೇ ಸಾಮಾನ್ಯವಾಗಿ ತಲುಪದು.

ಆ ಹುಡುಗಿಯ ವಿಷಯದಲ್ಲಿ ಮಾಡಬೇಕಾದದ್ದು ಇಷ್ಟು: ಏರೋಟರ್ ಹೊರತೆಗೆದು, ನೋವಿಲ್ಲವೆಂದು ಖಚಿತಪಡಿಸಿಕೊಂಡು, ಅದರ ಸದ್ದನ್ನು ದೂರದಿಂದ ಕೇಳಿಸಿ, ನೀರನ್ನು ಅಂಗೈಗೆ ಚಿಮ್ಮಿಸಿ, ಮತ್ತೆ ಐದು ಎಣಿಸುವುದು. ಈ ಸಲ ನಾಲ್ಕಕ್ಕೇ ನಿಲ್ಲಿಸಿದರೂ ನಡೆದೀತು, ಆರಕ್ಕೆ ಹೋಗಬಾರದು.