ಹುಬ್ಬಿನ ಬಣ್ಣ ಚರ್ಮಕ್ಕೋ, ಕೂದಲಿಗೋ?

ಕಾಡಿಗೆ ಪೆನ್ಸಿಲ್‌ನಿಂದಲೇ ಹುಬ್ಬನ್ನೂ ತೀಡಿ ಮುಗಿಸುವವರು ಬಹಳ ಮಂದಿ. ಕನ್ನಡಿಯ ಮುಂದೆ ಚೆನ್ನಾಗಿಯೇ ಕಾಣುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಹುಬ್ಬಿನ ಕೆಳಗೆ ಮಸಿ ಹರಡಿರುತ್ತದೆ, ಬಾಲದ ತುದಿ ಅಳಿಸಿಹೋಗಿರುತ್ತದೆ. ಕಣ್ಣಂಚಿನ ಚರ್ಮ ಬಲು ನಾಜೂಕು. ಅಲ್ಲಿ ಎಳೆತವಿಲ್ಲದೆ ಜಾರಲೆಂದು ಕಾಡಿಗೆಯನ್ನು ಮೆತ್ತಗೆ, ಎಣ್ಣೆಯಂಶ ಹೆಚ್ಚಿಟ್ಟು ಮಾಡಿರುತ್ತಾರೆ. ಹುಬ್ಬಿನ ಪೆನ್ಸಿಲ್‌ನಲ್ಲಿ ಗಟ್ಟಿ ಮೇಣ ಹೆಚ್ಚು, ಬಣ್ಣ ಕಡಿಮೆ. ಅಂಗೈಯ ಹಿಂಭಾಗಕ್ಕೆ ಒಮ್ಮೆ ಹಗುರಾಗಿ ಎಳೆದು ನೋಡಿದರೆ ಸಾಕು: ಮೊದಲ ಗೆರೆಯೇ ದಟ್ಟ ಕಪ್ಪಾಗಿ ಬಂದರೆ ಆ ಪೆನ್ಸಿಲ್ ಹುಬ್ಬಿಗಲ್ಲ.

ಪೆನ್ಸಿಲ್, ಪೌಡರ್, ಪೊಮೇಡ್, ಜೆಲ್ ಎಂದು ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಸಾಮಾನುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ ಯಾವುದು ಎಲ್ಲಿ ಕೂರುತ್ತದೆ ಎಂದು ಕೇಳುವುದು ಮೇಲು. ಪೆನ್ಸಿಲ್ ಮತ್ತು ಪೌಡರ್ ಕೆಲಸ ಮಾಡುವುದು ಚರ್ಮದ ಮೇಲೆ. ಜೆಲ್ ಕೆಲಸ ಮಾಡುವುದು ಕೂದಲಿನ ಮೇಲೆ. ಪೊಮೇಡ್ ಎರಡನ್ನೂ ಹಿಡಿಯುತ್ತದೆ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ತೆಳು ಹುಬ್ಬಿನಲ್ಲಿ ಕಾಣುವುದು ಕೂದಲ ನಡುವಿನ ಖಾಲಿ ಚರ್ಮ. ಅದಕ್ಕೆ ನೆರಳು ಬೇಕು, ಆ ನೆರಳಿನ ಮೇಲೆ ಕೂದಲಿನಂಥ ಎಳೆಗಳು ಬೇಕು. ನೆರಳಿಗೆ ಪೌಡರ್, ಎಳೆಗೆ ಸಣ್ಣ ಮೊನೆಯ ಪೆನ್ಸಿಲ್. ತಿರುಗಿಸಿದರೆ ಹೊರಬರುವ, ಒಂದೂವರೆ ಮಿಲಿಮೀಟರ್ ಆಸುಪಾಸಿನ ಮೊನೆಯ ಪೆನ್ಸಿಲ್‌ಗಳು ಈ ಕೆಲಸಕ್ಕೆಂದೇ ಬಂದವು. ದಪ್ಪ ಮೊನೆಯಿಂದ ಎಳೆ ಬರುವುದಿಲ್ಲ, ಪಟ್ಟಿ ಬರುತ್ತದೆ. ಕೂದಲು ವಿರಳವಾಗಿರುವವರು ಜಾಹೀರಾತು ನೋಡಿ ಫೈಬರ್ ಜೆಲ್ ಕೊಂಡು ನಿರಾಶರಾಗುವುದೂ ಇದೇ ಕಾರಣಕ್ಕೆ. ಅದರಲ್ಲಿರುವ ಸಣ್ಣ ನಾರಿನೆಳೆಗಳು ಇರುವ ಕೂದಲಿಗೆ ಅಂಟಿಕೊಂಡು ಅದನ್ನು ದಪ್ಪಗೆ ತೋರಿಸುತ್ತವೆ. ಬೋಳು ಜಾಗದಲ್ಲಿ ಅವಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಒಣಗಿದ ಮೇಲೆ ಕೆನ್ನೆಗೆ ಉದುರುತ್ತವೆ.

ಒರಟು ಹುಬ್ಬಿನ ಸಂಕಟ ಬೇರೆ. ಅಲ್ಲಿ ಬಣ್ಣ ಸಾಕಷ್ಟಿರುತ್ತದೆ, ಕೂದಲು ಹೇಳಿದ ಮಾತು ಕೇಳುವುದಿಲ್ಲ. ಕೆಳಮುಖವಾಗಿ ಬಾಗುತ್ತದೆ, ಇಲ್ಲವೇ ಸೆಟೆದು ನಿಲ್ಲುತ್ತದೆ. ಇದಕ್ಕೆ ಬಣ್ಣವಿಲ್ಲದ ಗಟ್ಟಿ ಹಿಡಿತದ ಜೆಲ್ ಸಾಕು. ಜೆಲ್ ಒಣಗಿದಾಗ ಕೂದಲಿನ ಸುತ್ತ ತೆಳು ಪದರವೊಂದು ಉಳಿದು ಅದನ್ನು ಬಾಚಿದ ದಿಕ್ಕಿನಲ್ಲೇ ನಿಲ್ಲಿಸುತ್ತದೆ. ಗ್ಲಿಸರಿನ್ ಸೋಪಿನ ಬಿಲ್ಲೆಗೆ ತೇವದ ಬ್ರಷ್ ಉಜ್ಜಿ ಬಾಚುವ ಹಳೆಯ ಉಪಾಯವೂ ಮಾಡುವುದು ಇದನ್ನೇ. ಆದರೆ ಬೆವರು ಹರಿದರೆ ಸೋಪು ಕರಗಿ ಕಣ್ಣು ಉರಿಯುತ್ತದೆ; ಮಂಗಳೂರಿನ ಏಪ್ರಿಲ್‌ಗೆ ಅದು ಹೇಳಿಸಿದ್ದಲ್ಲ. ಜೆಲ್ ಹೆಚ್ಚಾಯಿತೆಂದು ತಿಳಿಯುವುದು ಸುಲಭ: ತಾಸೊಂದರಲ್ಲಿ ಹುಬ್ಬಿನಲ್ಲಿ ತಲೆಹೊಟ್ಟಿನಂಥ ಬಿಳಿ ಪುಡಿ ಏಳುತ್ತದೆ. ಹಚ್ಚುವ ಮೊದಲು ಬ್ರಷ್ಷನ್ನು ಟಿಶ್ಯೂಗೆ ಒರೆಸಿಕೊಂಡರೆ ಈ ತೊಂದರೆ ಬರುವುದಿಲ್ಲ.

ಪೊಮೇಡ್ ಎಂದರೆ ಮೇಣ, ಬಣ್ಣ ಮತ್ತು ಬೇಗ ಆರುವ ದ್ರವ ಸೇರಿದ, ನೀರಿಗೆ ಜಗ್ಗದ ಮುದ್ದೆ. ರೊಮೇನಿಯಾದಿಂದ ಅಮೆರಿಕಕ್ಕೆ ವಲಸೆ ಹೋಗಿ 1997ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಸಲೂನ್ ತೆರೆದ ಅನಸ್ತಾಸಿಯಾ ಸೋರೆ ಅವರ ಕಂಪನಿಯ ಡಿಪ್‌ಬ್ರೋ ಈ ಬಗೆಯನ್ನು ಮನೆಮಾತಾಗಿಸಿತು. ಎಣ್ಣೆ ಚರ್ಮದವರಿಗೆ, ಕರಾವಳಿಯ ಸೆಕೆಗೆ ಇದಕ್ಕಿಂತ ಗಟ್ಟಿಯಾದದ್ದು ಸಿಗುವುದು ಕಷ್ಟ. ಪೌಡರ್ ಅಲ್ಲಿ ಜಿಡ್ಡು ಹೀರಿ ಕಲೆಕಲೆಯಾಗುತ್ತದೆ. ಆದರೆ ಪೊಮೇಡ್ ತಪ್ಪನ್ನು ಕ್ಷಮಿಸುವುದಿಲ್ಲ. ಓರೆ ಬ್ರಷ್ಷಿನ ತುದಿಗೆ ಸಾಸಿವೆ ಕಾಳಿನಷ್ಟು ತೆಗೆದು, ಮುಚ್ಚಳದ ಮೇಲೆ ಸವರಿ ತೆಳುವಾಗಿಸಿ, ಆಮೇಲೆ ಹುಬ್ಬು ಮುಟ್ಟಬೇಕು. ಒಣಗಿದ ಮೇಲೆ ತಿದ್ದಲು ಹೋದರೆ ಹುಬ್ಬೇ ಎದ್ದುಬರುತ್ತದೆ.

ಇನ್ನು ಬಣ್ಣದ ಮಾತು. ಹುಬ್ಬಿನ ಕಂದು ಬಣ್ಣಗಳೆಲ್ಲ ಬಹುಮಟ್ಟಿಗೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳ ಬೆರಕೆ. ಕೆಂಪು ಮೇಲುಗೈಯಾದರೆ ನಮ್ಮ ಮೈಬಣ್ಣದ ಮೇಲೆ ಹುಬ್ಬು ತುಕ್ಕು ಹಿಡಿದಂತೆ ಕಾಣುತ್ತದೆ. ಕಪ್ಪು ಕೂದಲಿಗೆ ಕಪ್ಪನ್ನೇ ಕೊಳ್ಳುವುದೂ ಸರಿಯಲ್ಲ. ಹುಬ್ಬಿನಲ್ಲಿ ಕಪ್ಪು ಕೂದಲ ನಡುವೆ ಚರ್ಮ ಇಣುಕುವುದರಿಂದ ಅದು ಒಟ್ಟಾರೆ ಕಾಣುವುದು ಗಾಢ ಕಂದಾಗಿ. ಖಾಲಿ ಜಾಗಕ್ಕೆ ಅಪ್ಪಟ ಕಪ್ಪು ತುಂಬಿದರೆ ಚರ್ಮ ಪೂರ್ತಿ ಮುಚ್ಚಿ ಮುಖ ಗಡುಸಾಗುತ್ತದೆ. ತಲೆಗೂದಲಿಗಿಂತ ಒಂದೆರಡು ಛಾಯೆ ತಿಳಿಯಾದ, ಕೆಂಪಿಲ್ಲದ ಡಾರ್ಕ್ ಬ್ರೌನ್ ಅಥವಾ ಆ್ಯಶ್ ಬ್ರೌನ್ ಹೆಚ್ಚಿನವರಿಗೆ ಒಗ್ಗುತ್ತದೆ. ಟೋಪ್ ಎಂಬ ಹೆಸರಿನ ಛಾಯೆ ಹೊಂಗೂದಲಿನವರಿಗೆ ಸೊಗಸು. ಕಪ್ಪು ಮೈಯ ಮೇಲೆ ಬೂದಿ ಬಳಿದಂತಾಗುತ್ತದೆ. ಪರೀಕ್ಷೆ ಮಾಡುವುದಾದರೆ ಕೈಯ ಮೇಲಲ್ಲ, ಹಣೆಯಂಚಿನಲ್ಲಿ ತಲೆಗೂದಲಿನ ಪಕ್ಕ ಒಂದು ಗೆರೆ ಎಳೆದು, ಅಂಗಡಿಯಿಂದ ಹೊರಬಂದು ಬಿಸಿಲಿನಲ್ಲಿ ನೋಡಬೇಕು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕು, ಏಕೆಂದರೆ ಚರ್ಮದ ಜಿಡ್ಡು ಸೇರಿದ ಮೇಲೆ ಬಣ್ಣ ಒಂದು ಮೆಟ್ಟಿಲು ಗಾಢವಾಗುವುದುಂಟು.

ತೆಳು, ಒರಟು ಎರಡೂ ಒಂದೇ ಹುಬ್ಬಿನಲ್ಲಿದ್ದರೆ? ನಲವತ್ತೈದು ದಾಟಿದ ಮಹಿಳೆಯರಲ್ಲಿ ಇದೇ ಹೆಚ್ಚು. ಮೂಗಿನ ಕಡೆ ಕೂದಲು ಒರಟು, ನಡುವೆ ಒಂದೆರಡು ನರೆ, ವರ್ಷಗಟ್ಟಲೆ ಥ್ರೆಡಿಂಗ್ ಮಾಡಿಸಿದ ಬಾಲದಲ್ಲಿ ಏನೂ ಇಲ್ಲ. ಅಂಥ ಹುಬ್ಬನ್ನು ಹೀಗೆ ತಿದ್ದಬಹುದು. ಮೊದಲು ಕ್ರೀಮಿನ ಜಿಡ್ಡು ಒರೆಸಿ, ಕೂದಲನ್ನು ಮೇಲಕ್ಕೆ ಬಾಚಿ ಬೋಳು ಜಾಗ ಎಲ್ಲಿದೆಯೆಂದು ನೋಡಿಕೊಳ್ಳಬೇಕು. ಮೂಗಿನ ಹೊಳ್ಳೆಯ ಅಂಚಿನಿಂದ ಕಣ್ಣಿನ ಹೊರತುದಿಗೆ ಪೆನ್ಸಿಲ್ ಓರೆಯಾಗಿ ಹಿಡಿದರೆ ಅದು ಹುಬ್ಬನ್ನು ಸೇರುವಲ್ಲಿ ಬಾಲ ಮುಗಿಯಬೇಕು. ಅಲ್ಲಿಯವರೆಗೆ ಪೌಡರ್‌ನ ತೆಳು ನೆರಳು, ಅದರ ಮೇಲೆ ಪೆನ್ಸಿಲ್‌ನಿಂದ ಕೂದಲು ಬೆಳೆಯುವ ದಿಕ್ಕಿನಲ್ಲೇ ಗಿಡ್ಡ ಎಳೆಗಳು. ಒರಟು ಭಾಗಕ್ಕೆ ಪೆನ್ಸಿಲ್ ಬೇಡವೇ ಬೇಡ. ನರೆಯ ಮೇಲೆ ಪೆನ್ಸಿಲ್ ನಿಲ್ಲುವುದಿಲ್ಲ, ಬಣ್ಣದ ಜೆಲ್ ಮಾತ್ರ ಕೂದಲನ್ನು ಸುತ್ತಿ ಮುಚ್ಚುತ್ತದೆ. ಅದನ್ನು ಮೊದಲು ಕೂದಲಿಗೆ ಎದುರಾಗಿ, ಆಮೇಲೆ ನೇರ ಬಾಚಿ ಹಚ್ಚಿದರೆ ನರೆಯ ಹಿಂಬದಿಗೂ ಬಣ್ಣ ತಗಲುತ್ತದೆ. ಜೆಲ್ ಯಾವಾಗಲೂ ಕೊನೆಗೆ. ಒದ್ದೆ ಜೆಲ್ಲಿನ ಮೇಲೆ ಪೆನ್ಸಿಲ್ ಎಳೆದರೆ ಜಾರುತ್ತದೆ, ಪೌಡರ್ ಉಂಡೆಗಟ್ಟುತ್ತದೆ.

ಬಾಲದ ಕೂದಲು ಥ್ರೆಡಿಂಗ್ ಇಲ್ಲದೆಯೂ ತಾನಾಗಿ ಉದುರುತ್ತಿದ್ದರೆ ಬಣ್ಣ ಕೊಳ್ಳುವ ಮೊದಲು ವೈದ್ಯರನ್ನು ಕಾಣಬೇಕು. ಹುಬ್ಬಿನ ಹೊರಗಿನ ಮೂರನೆಯ ಒಂದು ಭಾಗ ತೆಳುವಾಗುವುದು ಥೈರಾಯ್ಡ್ ಕುಂದಿದಾಗ ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಒಂದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಇರುವ ಕೂದಲನ್ನು ಉಳಿಸಿಕೊಳ್ಳಲು ರಾತ್ರಿ ಬಣ್ಣ ತೆಗೆಯುವ ರೀತಿಯೂ ಮುಖ್ಯ. ಪೊಮೇಡ್ ನೀರಿಗೆ, ಫೇಸ್‌ವಾಶ್‌ಗೆ ಸುಲಭವಾಗಿ ಬಗ್ಗದು. ತಿಕ್ಕಿದರೆ ಬಣ್ಣಕ್ಕಿಂತ ಮೊದಲು ಕೂದಲು ಬರುತ್ತದೆ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಅರ್ಧ ನಿಮಿಷ ಹುಬ್ಬಿನ ಮೇಲೆ ಒತ್ತಿ ಹಿಡಿದರೆ ಮೇಣ ಸಡಿಲವಾಗುತ್ತದೆ. ಆಮೇಲೆ ಕೂದಲು ಹೋದ ದಿಕ್ಕಿನಲ್ಲೇ ಒರೆಸಿ ಮುಖ ತೊಳೆಯಬಹುದು.