ವರ್ಷವನ್ನು ಮುಂದಕ್ಕೆ ತಂದರೆ ಸಾಲದು

ಅಡಿಟಿಪ್ಪಣಿ ಮತ್ತು ಗ್ರಂಥಸೂಚಿ ಇರುವ ಲೇಖನವನ್ನು ಲೇಖಕ-ವರ್ಷ ಪದ್ಧತಿಗೆ ಬದಲಿಸಿ ಕಳಿಸಿ ಎಂದು ಪತ್ರಿಕೆಯವರು ಕೇಳಿದರೆ, ನಮ್ಮ ಸಂಶೋಧಕರಲ್ಲಿ ಹೆಚ್ಚಿನವರು ಅದನ್ನು ಗುಮಾಸ್ತೆ ಕೆಲಸ ಎಂದೇ ಎಣಿಸುತ್ತಾರೆ. ಎರಡೂ ಶಿಕಾಗೊ ಕೈಪಿಡಿಯದ್ದೇ ಪದ್ಧತಿಗಳು. ಪಟ್ಟಿಯಲ್ಲಿ ಕೊನೆಗಿದ್ದ ವರ್ಷವನ್ನು ಲೇಖಕರ ಹೆಸರಿನ ಪಕ್ಕಕ್ಕೆ ತಂದು, ಟಿಪ್ಪಣಿಗಳನ್ನು ಆವರಣದೊಳಗೆ ಹಾಕಿದರೆ ಮುಗಿಯಿತು ಎಂಬುದು ಅವರ ಲೆಕ್ಕ. ಜೊಟೆರೊದಲ್ಲಿ ಶೈಲಿ ಬದಲಿಸಿದರೆ ಅದೂ ತಾನಾಗಿಯೇ ಆಗುತ್ತದೆ ಎನ್ನುವವರೂ ಇದ್ದಾರೆ. ಈ ಅಭಿಪ್ರಾಯ ತಪ್ಪು. ಇತಿಹಾಸದ ಲೇಖನದ ಮಟ್ಟಿಗಂತೂ ಅದು ಲೇಖನದ ವಾದವನ್ನೇ ಕೆಡಿಸಬಲ್ಲದು.

ಮೊದಲ ತಪ್ಪು ಕೆಲಸವನ್ನು ಪಟ್ಟಿಯಿಂದ ಶುರುಮಾಡುವುದು. ಟಿಪ್ಪಣಿ ಪದ್ಧತಿಯ ಗ್ರಂಥಸೂಚಿ ಸಡಿಲವಾದದ್ದು. ಓದಿದ್ದರೂ ಎಲ್ಲಿಯೂ ಉಲ್ಲೇಖಿಸದ ಪುಸ್ತಕಗಳು ಅದರಲ್ಲಿರಬಹುದು. ಟಿಪ್ಪಣಿಯಲ್ಲಿ ಬಂದುಹೋದ ಪತ್ರಿಕಾ ವರದಿ, ಕಾಗದಪತ್ರಗಳು ಇಲ್ಲದಿರಬಹುದು. ಲೇಖಕ-ವರ್ಷ ಪದ್ಧತಿಯ ಆಕರಪಟ್ಟಿಗೆ ಅಂಥ ಸ್ವಾತಂತ್ರ್ಯವಿಲ್ಲ. ಅಲ್ಲಿರುವ ಪ್ರತಿ ನಮೂದಿಗೂ ಲೇಖನದೊಳಗೆ ಒಂದು ಉಲ್ಲೇಖ ಇರಬೇಕು. ಹಾಗಾಗಿ ಒಂದನೆಯ ಟಿಪ್ಪಣಿಯಿಂದ ಹಿಡಿದು ಕೊನೆಯದರವರೆಗೆ ಸಾಲಾಗಿ ಓದುತ್ತಾ, ಅವುಗಳಿಂದಲೇ ಹೊಸ ಪಟ್ಟಿ ಕಟ್ಟಬೇಕು. ಹಳೆಯ ಗ್ರಂಥಸೂಚಿ ಪ್ರಕಾಶಕರ ಹೆಸರು, ಪುಟಸಂಖ್ಯೆ ನೋಡಿಕೊಳ್ಳುವುದಕ್ಕೆ ಮಾತ್ರ.

ಮೈಸೂರು ಸೀಮೆಯ ಕೆರೆಗಳ ಬಗ್ಗೆ ಒಂದು ಲೇಖನ ಇದೆ ಎಂದುಕೊಳ್ಳೋಣ. ಅದರ ಒಂದು ಟಿಪ್ಪಣಿಯಲ್ಲಿ ರೈಸ್, 'ಮೈಸೂರ್ ಆಂಡ್ ಕೂರ್ಗ್', 112 ಎಂದಷ್ಟೇ ಇದೆ. ಮೊದಲ ಉಲ್ಲೇಖದ ನಂತರ ಹೀಗೆ ಮೊಟಕು ಶೀರ್ಷಿಕೆ ಕೊಡುವುದು ಟಿಪ್ಪಣಿ ಪದ್ಧತಿಯ ರೂಢಿ. ಆದರೆ ಬಿ.ಎಲ್. ರೈಸರು ಆ ಪದಗಳಿಂದ ಶುರುವಾಗುವ ಎರಡು ಕೃತಿಗಳನ್ನು ಬರೆದಿದ್ದಾರೆ: 1870ರ ದಶಕದ ಮೂರು ಸಂಪುಟಗಳ ಗೆಜೆಟಿಯರ್ ಒಂದು, ಶಾಸನಗಳ ಆಧಾರದಿಂದ ಬರೆದ 1909ರ ಇತಿಹಾಸ ಇನ್ನೊಂದು. ಇವೆರಡರ ನಡುವೆ 1897ರಲ್ಲಿ ಎರಡು ಸಂಪುಟಗಳಲ್ಲಿ ಪರಿಷ್ಕೃತ ಗೆಜೆಟಿಯರ್ ಬೇರೆ ಬಂದಿದೆ. ಅದರ ಹೆಸರು ಬರೀ 'ಮೈಸೂರ್' ಎಂದು ಶುರುವಾಗುತ್ತದೆ. ಟಿಪ್ಪಣಿಯಲ್ಲಿ ಸಂಪುಟದ ಸಂಖ್ಯೆ ಇಲ್ಲದಿರುವುದರಿಂದ ಅದು 1909ರದ್ದೇ ಇರಬೇಕೆಂದು ಊಹಿಸಬಹುದು. ಊಹೆ ಸಾಲದು, ಪುಸ್ತಕ ತೆಗೆದು ಆ ಪುಟದಲ್ಲಿ ಆ ಮಾತು ಇದೆಯೇ ಎಂದು ನೋಡಲೇಬೇಕು. ಟಿಪ್ಪಣಿಯಲ್ಲಿ ಮರೆಯಾಗಿದ್ದ ಈ ಗೊಂದಲ, (ರೈಸ್ 1909, 112) ಎಂದು ಬರೆಯಹೊರಟ ಕ್ಷಣವೇ ಎದ್ದು ನಿಲ್ಲುತ್ತದೆ. ಲೇಖಕ-ವರ್ಷ ಪದ್ಧತಿ ಇತಿಹಾಸಕಾರರಿಗೆ ಒಗ್ಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಯಾವ ಆವೃತ್ತಿ ಎಂಬ ಪ್ರಶ್ನೆಯಿಂದ ನುಣುಚಿಕೊಳ್ಳಲು ಅದು ಬಿಡುವುದಿಲ್ಲ. ಅಂದಹಾಗೆ, ಹಳೆಯ ಸೂಚಿಯಲ್ಲಿ ಒಬ್ಬರ ಕೃತಿಗಳು ಶೀರ್ಷಿಕೆಯ ಅಕಾರಾದಿಯಲ್ಲಿ ನಿಂತಿರುತ್ತವೆ. ಹೊಸ ಪಟ್ಟಿಯಲ್ಲಿ ಅವು ಪ್ರಕಟಣೆಯ ವರ್ಷದ ಕ್ರಮದಲ್ಲಿ ಬರಬೇಕು.

ವರ್ಷ ಲೇಖನದ ವಾಕ್ಯದೊಳಕ್ಕೇ ಬರುವುದರಿಂದ ಯಾವ ವರ್ಷ ಕೊಡುತ್ತೇವೆ ಎಂಬುದೂ ವಾದದ ಭಾಗವಾಗುತ್ತದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. 1870ರಲ್ಲಿ ಮದರಾಸಿನ ಹಿಗ್ಗಿನ್‌ಬಾಥಮ್ಸ್ ಅದನ್ನು ಎರಡೇ ಸಂಪುಟಗಳಲ್ಲಿ ಮುದ್ರಿಸಿತು. ಇಂದು ಹೆಚ್ಚಿನವರ ಕೈಯಲ್ಲಿರುವುದು ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್‌ನ 1988ರ ಮರುಮುದ್ರಣ. ಯಂತ್ರಕ್ಕೆ ಗೊತ್ತಿರುವುದು ನಾವು ಅದಕ್ಕೆ ಕೊಟ್ಟ ವರ್ಷವಷ್ಟೇ. ಅದು (ಬುಕಾನನ್ 1988) ಎಂದು ಹಾಕಿಬಿಟ್ಟರೆ, ಕೆರೆಗಳನ್ನು ಕಣ್ಣಾರೆ ಕಂಡವನು ಇತ್ತೀಚಿನ ವಿದ್ವಾಂಸನಾಗಿಬಿಡುತ್ತಾನೆ. 1807 ಎಂದಷ್ಟೇ ಬರೆದರೆ ನಾವು ನಿಜವಾಗಿ ಬಳಸಿದ ಪ್ರತಿ ಯಾವುದೆಂದು ಓದುಗರಿಗೆ ತಿಳಿಯುವುದಿಲ್ಲ. '2:310' ಎಂಬ ಸಂಪುಟ-ಪುಟವನ್ನು ಎರಡು ಸಂಪುಟಗಳ 1870ರ ಮುದ್ರಣದಲ್ಲಿ ಹುಡುಕಿದವರಿಗೆ ಬೇರೇನೋ ಸಿಗುತ್ತದೆ. ಶಿಕಾಗೊ ಇದಕ್ಕೆ ದಾರಿ ಕೊಟ್ಟಿದೆ. ಲೇಖನದೊಳಗೆ (ಬುಕಾನನ್ [1807] 1988, 2:310) ಎಂದೂ ಪಟ್ಟಿಯಲ್ಲಿ ಹೆಸರಿನ ನಂತರ (1807) 1988 ಎಂದೂ ಎರಡು ವರ್ಷಗಳನ್ನು ಒಟ್ಟಿಗೆ ಕೊಡಬಹುದು. ಜೊಟೆರೊ ಬಳಸುವವರು `Extra` ಎಂಬ ಜಾಗದಲ್ಲಿ ಹೀಗೆ ಟೈಪ್ ಮಾಡಿ, ಬಂದ ರೂಪವನ್ನು ಕಣ್ಣಿಟ್ಟು ನೋಡಬೇಕು:

```
original-date: 1807
```

ಇನ್ನು ಅತ್ಯಂತ ಕೆಟ್ಟ ಹಾನಿ ಆಗುವ ಜಾಗಕ್ಕೆ ಬರೋಣ. ಇತಿಹಾಸಕಾರರು ಒಂದು ಪ್ಯಾರಾದ ಕೊನೆಗೆ ಒಂದೇ ಟಿಪ್ಪಣಿ ಹಾಕಿ ಅದರಲ್ಲಿ ಎಲ್ಲ ಆಕರಗಳನ್ನೂ ಸಾಲಾಗಿ ಹೇಳುವುದುಂಟು. ನಮ್ಮ ಲೇಖನದ ಒಂದು ಪ್ಯಾರಾದಲ್ಲಿ ನಾಲ್ಕು ವಾಕ್ಯಗಳಿವೆ ಎನ್ನಿ. ಮೊದಲನೆಯದು ಬುಕಾನನ್ ಕಂಡದ್ದು, ಎರಡನೆಯದು ರೈಸರ ಗೆಜೆಟಿಯರಿನ ಮಾಹಿತಿ, ಮೂರನೆಯದು ಎಂ. ಚಿದಾನಂದಮೂರ್ತಿಯವರ 1966ರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಿಂದ ತೆಗೆದ ಮಾತು, ನಾಲ್ಕನೆಯದು ಲೇಖಕಿಯದೇ ತೀರ್ಮಾನ. ಟಿಪ್ಪಣಿಯ ಸಂಖ್ಯೆ ಆ ನಾಲ್ಕನೆಯ ವಾಕ್ಯದ ಕೊನೆಗಿದೆ. ಅಲ್ಲಿಯೇ ಮೂರೂ ಹೆಸರುಗಳನ್ನು ಅರ್ಧವಿರಾಮ ಹಾಕಿ ಆವರಣದಲ್ಲಿ ತುಂಬಿದರೆ, ಲೇಖಕಿಯ ತೀರ್ಮಾನವನ್ನು ಆ ಮೂವರೂ ಹೇಳಿದ್ದಾರೆ ಎಂದಾಗುತ್ತದೆ. ಅವರು ಹೇಳಿಲ್ಲ. ಪ್ರತಿ ಆಕರವನ್ನೂ ಅದರದರ ವಾಕ್ಯದ ಕೊನೆಗೆ ಹಂಚಿ, ನಾಲ್ಕನೆಯ ವಾಕ್ಯವನ್ನು ಆವರಣವಿಲ್ಲದೆ ಬಿಡಬೇಕು. ಯಾವುದು ಯಾರ ಮಾತು ಎಂದು ಬರೆದವರಿಗಷ್ಟೇ ಗೊತ್ತು. ಈ ಕೆಲಸವನ್ನು ಟೈಪಿಸ್ಟರಿಗೋ ವಿದ್ಯಾರ್ಥಿಗೋ ವಹಿಸುವುದು ಅನ್ಯಾಯ, ಅವರಿಗೂ ಲೇಖನಕ್ಕೂ.

'ಅದೇ' ಎಂಬ ಟಿಪ್ಪಣಿಗಳದ್ದೂ ಇದೇ ಪಾಡು. ಹಿಂದಿನ ಟಿಪ್ಪಣಿಯಲ್ಲಿ ಎರಡು ಆಕರಗಳಿದ್ದರೆ 'ಅದೇ' ಎಂದರೆ ಯಾವುದು? ತಿದ್ದುವಾಗ ಪ್ಯಾರಾ ಸ್ಥಳ ಬದಲಿಸಿದ್ದರೆ ಅದು ಸಂಬಂಧವೇ ಇಲ್ಲದ ಪುಸ್ತಕವನ್ನು ತೋರಿಸುತ್ತಿರಬಹುದು. ಲೇಖಕ-ವರ್ಷ ಪದ್ಧತಿಗೆ ಹೋಗುವ ಮುನ್ನ ಅವನ್ನೆಲ್ಲ ಪೂರ್ಣ ಹೆಸರಿಗೆ ಬಿಡಿಸಿಕೊಳ್ಳಬೇಕು. ಕೈಯಿಂದ ಟೈಪ್ ಮಾಡಿದ 'ಅದೇ'ಯನ್ನು ಯಾವ ತಂತ್ರಾಂಶವೂ ಉಲ್ಲೇಖವೆಂದು ಗುರುತಿಸುವುದಿಲ್ಲ.

ನಮ್ಮ ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಒಂದು ನಮೂದಿನಲ್ಲಿ 'ಮೂರ್ತಿ, ಚಿದಾನಂದ', ಇನ್ನೊಂದರಲ್ಲಿ 'ಚಿದಾನಂದಮೂರ್ತಿ, ಎಂ.' ಎಂದಿದ್ದರೆ ಹಳೆಯ ಪದ್ಧತಿಯಲ್ಲಿ ಅಂಥ ತೊಂದರೆಯಿಲ್ಲ, ಶೀರ್ಷಿಕೆ ನೋಡಿ ಓದುಗರು ಹೊಂದಿಸಿಕೊಳ್ಳುತ್ತಾರೆ. ಹೊಸ ಪದ್ಧತಿಯಲ್ಲಿ ಹೆಸರು ಮತ್ತು ವರ್ಷ ಬಿಟ್ಟರೆ ಬೇರೆ ಕೊಂಡಿಯೇ ಇಲ್ಲ. ಒಬ್ಬರೇ ಇಬ್ಬರಾಗುತ್ತಾರೆ, ಒಂದೇ ವರ್ಷದ ಎರಡು ಕೃತಿಗಳನ್ನು ಬೇರ್ಪಡಿಸಲು ವರ್ಷದ ಜೊತೆ ಬರಬೇಕಾದ ಎ, ಬಿ ಅಕ್ಷರಗಳು ಬರುವುದೇ ಇಲ್ಲ. ಹೆಸರಿಗೊಂದು ರೂಪ ಗೊತ್ತುಮಾಡಿಕೊಂಡು ಎಲ್ಲೆಡೆ ಅದನ್ನೇ ಇಡಬೇಕು.

ಎಲ್ಲ ಟಿಪ್ಪಣಿಗಳೂ ಮಾಯವಾಗಬೇಕಿಲ್ಲ ಎಂಬುದನ್ನೂ ಬಹಳ ಜನ ಮರೆಯುತ್ತಾರೆ. ಚರ್ಚೆ ಇರುವ ಟಿಪ್ಪಣಿ ಟಿಪ್ಪಣಿಯಾಗಿಯೇ ಉಳಿಯಬಹುದು. ಅದರೊಳಗಿನ ಆಕರ ಮಾತ್ರ ಹೆಸರು-ವರ್ಷದ ರೂಪಕ್ಕೆ ಬರುತ್ತದೆ. ಪತ್ರಾಗಾರದ ಕಡತಗಳದ್ದು ನಿಜಕ್ಕೂ ಕಷ್ಟ. ಒಂದೇ ಸಂಗ್ರಹದಿಂದ ಹಲವು ಕಡತ ಬಳಸಿದ್ದರೆ ಸಂಗ್ರಹದ ಹೆಸರನ್ನು ಪಟ್ಟಿಗೆ ಸೇರಿಸಿ, ಕಡತದ ವಿವರ ಮತ್ತು ದಿನಾಂಕವನ್ನು ಲೇಖನದ ವಾಕ್ಯದಲ್ಲೇ ಹೇಳುವುದು ಶಿಕಾಗೊ ಕ್ರಮ. ಪುಟಕ್ಕೆ ಐದಾರು ಕಡತ ಬರುವ ಲೇಖನದಲ್ಲಿ ಹಾಗೆ ಮಾಡಿದರೆ ವಾಕ್ಯಗಳು ಓದಿಸಿಕೊಳ್ಳುವುದಿಲ್ಲ. ಅಂಥಲ್ಲಿ, ಕಡತಗಳನ್ನು ಅಡಿಟಿಪ್ಪಣಿಯಲ್ಲೇ ಉಳಿಸಲು ಒಪ್ಪಿಗೆ ಇದೆಯೇ ಎಂದು ಸಂಪಾದಕರಿಗೆ ಮೊದಲೇ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಆ ಭಾಗಕ್ಕೆ ಕೈಹಾಕಬೇಕು.